ಕರೆಂಟು ಹೋದಾಗ ಸಂಘದ ಬ್ಯಾಟರಿ ಎಷ್ಟು ಹೊತ್ತು ನಿಲ್ಲುತ್ತದೆ?



ಕಳೆದ ಬೇಸಿಗೆಯ ಒಂದು ಸಂಜೆ ನನ್ನ ವ್ಯಾಪ್ತಿಯ ಸಂಘವೊಂದರಲ್ಲಿ ಹಾಲು ಶೇಖರಣೆ ನಡೆಯುತ್ತಿದ್ದಾಗ 6 ಗಂಟೆ 10 ನಿಮಿಷಕ್ಕೆ ಕರೆಂಟು ಹೋಯಿತು. ಇನ್ವರ್ಟರ್ ಇದೆಯಲ್ಲ ಎಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. 6 ಗಂಟೆ 50 ನಿಮಿಷಕ್ಕೆ ಇನ್ವರ್ಟರ್ ಕೂಗಿಕೊಂಡು ನಿಂತೇಹೋಯಿತು. ಸಾಲಿನಲ್ಲಿ ಇನ್ನೂ ಸುಮಾರು 30 ಜನ ಸದಸ್ಯರು ಕ್ಯಾನು ಹಿಡಿದು ನಿಂತಿದ್ದರು. ತೂಕದ ಯಂತ್ರವೂ ಇಲ್ಲ, ಫ್ಯಾಟ್ ನೋಡುವ ಯಂತ್ರವೂ ಇಲ್ಲ. ಕಾರ್ಯದರ್ಶಿಗಳು ಟಾರ್ಚ್ ಬೆಳಕಿನಲ್ಲಿ ಅಳತೆ ಪಾತ್ರೆಯಿಂದ ಹಾಲು ಅಳೆದು, ಹಿಂದಿನ ದಿನದ ಫ್ಯಾಟನ್ನೇ ಎಲ್ಲರಿಗೂ ಬರೆದುಕೊಂಡರು. ಹಾಲಿನ ಗಾಡಿ ಮುಕ್ಕಾಲು ಗಂಟೆ ತಡವಾಗಿ ಹೊರಟಿತು.

ಮರುದಿನ ನಾನು ಹೋದಾಗ ಒಬ್ಬ ಹೆಣ್ಣುಮಗಳು ಕೇಳಿದರು: "ಮೊನ್ನೆ ಕರು ಹಗ್ಗ ಬಿಚ್ಚಿಕೊಂಡು ಕೊನೇ ಹಾಲು ಕುಡಿದುಬಿಟ್ಟಿತ್ತು ಡಾಕ್ಟ್ರೇ, ಅದಕ್ಕೆ ಫ್ಯಾಟ್ ಕಮ್ಮಿ ಬಂತು. ನಿನ್ನೆಗೂ ಅದನ್ನೇ ಬರೆದ್ರೆ ಹೆಂಗೆ?" ಅವರ ಮಾತು ಸರಿಯಾಗಿತ್ತು. ಕರೆಯುವಾಗ ಕೊನೆಗೆ ಬರುವ ಹಾಲಿನಲ್ಲೇ ಕೊಬ್ಬು ಹೆಚ್ಚು. ಅದನ್ನು ಕರು ಕುಡಿದರೆ ಆ ಹೊತ್ತಿನ ಫ್ಯಾಟ್ ಇಳಿಯುತ್ತದೆ, ಮರುದಿನ ಏರುತ್ತದೆ. ಹಿಂದಿನ ದಿನದ ಫ್ಯಾಟಿನ ಮೇಲೆ ಇಂದಿನ ಹಾಲಿಗೆ ಬೆಲೆ ಕಟ್ಟಿದರೆ ಯಾರಿಗೋ ನಷ್ಟ ಖಂಡಿತ.

ಇನ್ವರ್ಟರ್ ಮಾರಿದವರು "ಏಳೆಂಟು ಗಂಟೆ ಆರಾಮಾಗಿ ಬರುತ್ತೆ" ಎಂದು ಹೇಳಿದ್ದರಂತೆ. ಏಳೆಂಟು ಗಂಟೆ 40 ನಿಮಿಷವಾದದ್ದು ಹೇಗೆ? ನಾನು ಪಶುವೈದ್ಯ, ವಿದ್ಯುತ್ತಿನ ವಿಷಯ ನನ್ನ ಓದಿನದಲ್ಲ. ಆದರೂ ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಕಾರಣ, ತಪ್ಪಿನಲ್ಲಿ ನನ್ನ ಪಾಲೂ ಇತ್ತು. ಅದನ್ನು ಮುಂದೆ ಹೇಳುತ್ತೇನೆ. ಒಕ್ಕೂಟದ ಇಂಜಿನಿಯರಿಂಗ್ ವಿಭಾಗದವರ ಜೊತೆ ಕುಳಿತು ಕಲಿತ ಲೆಕ್ಕವನ್ನು ಇಲ್ಲಿ ಕೊಡುತ್ತಿದ್ದೇನೆ. ಕೂಡುವುದು, ಗುಣಿಸುವುದು, ಭಾಗಿಸುವುದು ಬಂದರೆ ಸಾಕು.

ಬೇಕೇಬೇಕಾದದ್ದು ಯಾವುದು?

ಮೊದಲು ಒಂದು ಹಾಳೆ ತೆಗೆದುಕೊಂಡು, ಕರೆಂಟು ಇಲ್ಲದಿದ್ದರೆ ಯಾವುದು ನಿಂತರೆ ಶೇಖರಣೆ ನಿಲ್ಲುತ್ತದೆಯೋ ಅದನ್ನು ಮಾತ್ರ ಬರೆಯಿರಿ. ಆ ಸಂಘದ ಪಟ್ಟಿ ಹೀಗಿತ್ತು:

ಹಾಲು ಪರೀಕ್ಷಿಸುವ ಯಂತ್ರ – 30 ವ್ಯಾಟ್
ಹಾಲಿನ ನೊರೆ ತೆಗೆಯುವ ಸ್ಟರರ್ – 20 ವ್ಯಾಟ್
ತೂಕದ ಯಂತ್ರ – 10 ವ್ಯಾಟ್
ಕಂಪ್ಯೂಟರ್ ಮತ್ತು ಪರದೆ – 80 ವ್ಯಾಟ್
ಚೀಟಿ ಮುದ್ರಿಸುವ ಪ್ರಿಂಟರ್ – 25 ವ್ಯಾಟ್
ಸದಸ್ಯರಿಗೆ ಕಾಣುವ ಅಂಕಿ ಫಲಕ – 5 ವ್ಯಾಟ್
ಎಲ್‌ಇಡಿ ದೀಪ ಎರಡು – 20 ವ್ಯಾಟ್
ಒಟ್ಟು – 190 ವ್ಯಾಟ್

ಫ್ಯಾನು ಈ ಪಟ್ಟಿಯಲ್ಲಿ ಇಲ್ಲ ಎಂಬುದನ್ನು ಗಮನಿಸಿ. ಸೀಲಿಂಗ್ ಫ್ಯಾನು ಸುಮಾರು 70 ವ್ಯಾಟ್ ಎಳೆಯುತ್ತದೆ. ಸೆಕೆ ಇರುವುದು ನಿಜ, ಆದರೆ ಫ್ಯಾನು ನಿಂತರೆ ಶೇಖರಣೆ ನಿಲ್ಲುವುದಿಲ್ಲ. ಬಲ್ಕ್ ಕೂಲರ್ ಇರುವ ಸಂಘಗಳಲ್ಲಿ ಅದರ ಕಂಪ್ರೆಸರ್ ಈ ಲೆಕ್ಕಕ್ಕೆ ಬರುವುದೇ ಇಲ್ಲ. ಅದಕ್ಕೆ ಜನರೇಟರೇ ಬೇಕು.

ಯಂತ್ರದ ಹಿಂದೆ ಅಂಟಿಸಿದ ಚೀಟಿಯಲ್ಲಿ ಬರೆದ ವ್ಯಾಟ್ ಸಾಮಾನ್ಯವಾಗಿ ಗರಿಷ್ಠ ಲೆಕ್ಕ. ನಿಜವಾಗಿ ಎಳೆಯುವುದು ಎಷ್ಟು ಎಂದು ತಿಳಿಯಲು ಸಂಘದ ವಿದ್ಯುತ್ ಮೀಟರನ್ನೇ ಬಳಸಬಹುದು. ಎಲೆಕ್ಟ್ರಾನಿಕ್ ಮೀಟರಿನಲ್ಲಿ ಒಂದು ಕೆಂಪು ದೀಪ ಮಿನುಗುತ್ತದೆ. ಒಂದು ಯೂನಿಟ್ಟಿಗೆ ಎಷ್ಟು ಸಲ ಮಿನುಗುತ್ತದೆ ಎಂದು ಮೀಟರಿನ ಮೇಲೆಯೇ ಬರೆದಿರುತ್ತದೆ. ಆ ಸಂಘದ ಮೀಟರಿನಲ್ಲಿ 3200 ಎಂದು ಇತ್ತು. ಇನ್ವರ್ಟರನ್ನು ಬೇರ್ಪಡಿಸಿ, ಪಟ್ಟಿಯಲ್ಲಿರುವ ಉಪಕರಣಗಳನ್ನು ಮಾತ್ರ ನೇರ ಮೇನ್ಸಿಗೆ ಕೊಟ್ಟು, ಶೇಖರಣೆ ನಡೆಯುತ್ತಿರುವಾಗಲೇ 6 ನಿಮಿಷ ಮಿನುಗುಗಳನ್ನು ಎಣಿಸಿದೆವು. 61 ಬಂತು. 6 ನಿಮಿಷ ಎಂದರೆ ಗಂಟೆಯ ಹತ್ತನೇ ಒಂದು ಭಾಗ, ಹಾಗಾಗಿ ಗಂಟೆಗೆ 610 ಮಿನುಗು. ಇದನ್ನು 3200ರಿಂದ ಭಾಗಿಸಿ 1000ದಿಂದ ಗುಣಿಸಿದರೆ ಸುಮಾರು 190 ವ್ಯಾಟ್. ನಮ್ಮ ಪಟ್ಟಿಗೂ ಮೀಟರಿಗೂ ತಾಳೆಯಾಯಿತು. ಇನ್ವರ್ಟರನ್ನು ಬೇರ್ಪಡಿಸದೆ ಎಣಿಸಿದರೆ ಬ್ಯಾಟರಿ ಚಾರ್ಜ್ ಆಗಲು ಎಳೆಯುವ ವಿದ್ಯುತ್ತೂ ಸೇರಿಕೊಂಡು ಲೆಕ್ಕ ಕೆಡುತ್ತದೆ.

ಅಂಗಡಿಯ ಲೆಕ್ಕ

ಬ್ಯಾಟರಿಯ ಮೇಲೆ 12 ವೋಲ್ಟ್, 150 ಎಎಚ್ ಎಂದು ಬರೆದಿತ್ತು. ಎಎಚ್ ಎಂದರೆ ಆಂಪಿಯರ್-ಅವರ್. ಇಷ್ಟು ಆಂಪಿಯರ್ ಕರೆಂಟನ್ನು ಇಷ್ಟು ಗಂಟೆ ಕೊಡಬಲ್ಲದು ಎಂಬ ಗುಣಾಕಾರ ಅದು. 12ನ್ನು 150ರಿಂದ ಗುಣಿಸಿದರೆ 1800. ಇದನ್ನು ನಮ್ಮ 190 ವ್ಯಾಟಿನಿಂದ ಭಾಗಿಸಿದರೆ ಒಂಬತ್ತೂವರೆ ಗಂಟೆ, ಫ್ಯಾನು ಸೇರಿಸಿ 260 ವ್ಯಾಟ್ ಎಂದರೂ ಸುಮಾರು ಏಳು ಗಂಟೆ. ಅಂಗಡಿಯವರು ಹೇಳಿದ್ದು ಇದನ್ನೇ. ಗುಣಾಕಾರದಲ್ಲಿ ತಪ್ಪಿಲ್ಲ. ಆದರೆ ಬ್ಯಾಟರಿಯಿಂದ ಯಂತ್ರದವರೆಗಿನ ದಾರಿಯಲ್ಲಿ ಐದು ಕಡೆ ಸೋರಿಕೆಯಿದೆ. ಒಂದೊಂದನ್ನಾಗಿ ನೋಡೋಣ.

ಒಂದು: ಇನ್ವರ್ಟರ್ ತಾನೇ ತಿನ್ನುವುದು

ಬ್ಯಾಟರಿಯ 12 ವೋಲ್ಟನ್ನು 230 ವೋಲ್ಟಿಗೆ ಏರಿಸುವಾಗ ಇನ್ವರ್ಟರ್ ಬಿಸಿಯಾಗುತ್ತದೆ. ಆ ಬಿಸಿ ನಮ್ಮ ಬ್ಯಾಟರಿಯಿಂದಲೇ ಬಂದದ್ದು. ಇಂಥ ಸಣ್ಣ ಇನ್ವರ್ಟರುಗಳಲ್ಲಿ 100 ಪಾಲು ತೆಗೆದುಕೊಂಡರೆ 80 ಪಾಲು ಯಂತ್ರಕ್ಕೆ ಮುಟ್ಟುತ್ತದೆ ಎಂದು ಇಟ್ಟುಕೊಳ್ಳುವುದು ಕ್ಷೇಮ. ಲೋಡು ತೀರಾ ಕಡಿಮೆಯಿದ್ದಾಗ ಇದೂ ಸಿಗುವುದಿಲ್ಲ. ಏಕೆಂದರೆ ಬ್ಯಾಟರಿಯ ಮೇಲೆ ಓಡುವ ಇನ್ವರ್ಟರ್ ಏನೂ ಹೊರದೆ ಇದ್ದರೂ ತನಗಾಗಿ 10–20 ವ್ಯಾಟ್ ಎಳೆಯುತ್ತಿರುತ್ತದೆ. ಆದ್ದರಿಂದ ಸಣ್ಣ ಲೋಡಿಗೆ ಬಹಳ ದೊಡ್ಡ ಇನ್ವರ್ಟರ್ ತಂದರೆ ನಷ್ಟವೇ.

190ನ್ನು 0.80ರಿಂದ ಭಾಗಿಸಿದರೆ ಸುಮಾರು 238 ವ್ಯಾಟ್. ಇಷ್ಟನ್ನು ಬ್ಯಾಟರಿ ಕೊಡಬೇಕು. 12 ವೋಲ್ಟಿನಿಂದ ಭಾಗಿಸಿದರೆ ಸುಮಾರು 20 ಆಂಪಿಯರ್. ಮುಂದಿನ ಲೆಕ್ಕಕ್ಕೆಲ್ಲ ಈ 20 ಆಂಪಿಯರೇ ಆಧಾರ.

ಎರಡು: 150 ಎನ್ನುವುದು ನಿಧಾನದ ಲೆಕ್ಕ

ಬ್ಯಾಟರಿಯ ಮೇಲೆ 150ರ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಸಿ-20 ಎಂದು ಬರೆದಿರುವುದನ್ನು ಹೆಚ್ಚಿನವರು ನೋಡುವುದಿಲ್ಲ. 20 ಗಂಟೆಗಳ ಕಾಲ ನಿಧಾನವಾಗಿ, ಅಂದರೆ 7.5 ಆಂಪಿಯರಿನಂತೆ ಎಳೆದರೆ ಮಾತ್ರ 150 ಸಿಗುತ್ತದೆ ಎಂದು ಅದರ ಅರ್ಥ. ನಾವು ಎಳೆಯುವುದು 20 ಆಂಪಿಯರ್. ಅವಸರವಾಗಿ ಎಳೆದಷ್ಟೂ ಬ್ಯಾಟರಿ ಒಟ್ಟು ಕೊಡುವುದು ಕಡಿಮೆಯಾಗುತ್ತದೆ, ಏಕೆಂದರೆ ಪ್ಲೇಟಿನ ಒಳಗಿನ ಸೂಕ್ಷ್ಮ ರಂಧ್ರಗಳಿಗೆ ಆಸಿಡ್ ಇಳಿಯಲು ಸಮಯ ಬೇಕು.

ಸಿ-20 ಲೆಕ್ಕದ ಬ್ಯಾಟರಿಯನ್ನು ಸುಮಾರು 5 ಗಂಟೆಯಲ್ಲಿ ಖಾಲಿ ಮಾಡಿದರೆ ಬರೆದದ್ದರಲ್ಲಿ ಮುಕ್ಕಾಲು ಪಾಲು, 3 ಗಂಟೆಯಲ್ಲಿ ಖಾಲಿ ಮಾಡಿದರೆ 60ರಿಂದ 65 ಪಾಲು, ಒಂದೇ ಗಂಟೆಯಲ್ಲಿ ಖಾಲಿ ಮಾಡಿದರೆ ಅರ್ಧಕ್ಕಿಂತಲೂ ಕಡಿಮೆ ಸಿಗುತ್ತದೆ. ನಮ್ಮದು 5 ಗಂಟೆಯ ಹತ್ತಿರದ ವೇಗ. 150ರ ಮುಕ್ಕಾಲು ಎಂದರೆ 112 ಎಎಚ್.

ಮೂರು: ತಳದವರೆಗೆ ಹಿಂಡಬಾರದು

ಲೆಡ್-ಆಸಿಡ್ ಬ್ಯಾಟರಿಯನ್ನು ಪದೇ ಪದೇ ತಳ ಕಾಣುವಂತೆ ಖಾಲಿ ಮಾಡಿದರೆ ಪ್ಲೇಟಿನ ಮೇಲೆ ಗಟ್ಟಿ ಸಲ್ಫೇಟ್ ಕೂರುತ್ತದೆ. ಅದು ಮತ್ತೆ ಕರಗುವುದಿಲ್ಲ. ಇನ್ವರ್ಟರ್ 10.5 ವೋಲ್ಟಿನ ಸುಮಾರಿಗೆ ತಾನಾಗಿ ಕಡಿಯುತ್ತದೆ ನಿಜ, ಆದರೆ ಅಷ್ಟರೊಳಗೆ ಬ್ಯಾಟರಿ ಹೆಚ್ಚುಕಡಿಮೆ ಖಾಲಿಯಾಗಿರುತ್ತದೆ. ಐದರಲ್ಲಿ ಒಂದು ಪಾಲನ್ನು ಉಳಿಸಿ ಲೆಕ್ಕ ಹಾಕಿ. 112ರಲ್ಲಿ 80 ಪಾಲು ಎಂದರೆ 90 ಎಎಚ್.

ನಾಲ್ಕು: ಬ್ಯಾಟರಿಯ ವಯಸ್ಸು

ಹಸುವಿಗೆ ವಯಸ್ಸಾದಂತೆ ಹಾಲು ಇಳಿಯುವುದು ನಿಮಗೆ ಗೊತ್ತು. ಹಾಲಿನ ಇಳಿತ ದಿನವೂ ಪಾತ್ರೆಯಲ್ಲಿ ಕಾಣುತ್ತದೆ, ಬ್ಯಾಟರಿಯ ಇಳಿತ ಕಾಣುವುದಿಲ್ಲ. ಕರೆಂಟು ಹತ್ತು ನಿಮಿಷ ಹೋಗಿ ಬರುವ ದಿನಗಳಲ್ಲಿ ಹಳೆಯ ಬ್ಯಾಟರಿಯೂ ಹೊಸದರಂತೆಯೇ ನಡೆಯುತ್ತದೆ. ದೀರ್ಘ ಹೊತ್ತು ಹೋದ ದಿನ ಮಾತ್ರ ಬಣ್ಣ ಬಯಲಾಗುತ್ತದೆ.

ಇಂಜಿನಿಯರುಗಳು ಸಾಮಾನ್ಯವಾಗಿ ಪಾಲಿಸುವ ನಿಯಮವೆಂದರೆ, ಬ್ಯಾಟರಿಯ ಶಕ್ತಿ ಬರೆದದ್ದರ 80 ಪಾಲಿಗೆ ಇಳಿದಾಗ ಅದರ ಆಯಸ್ಸು ಮುಗಿಯಿತೆಂದು ಬದಲಿಸುವುದು. ಅಲ್ಲಿಂದ ಮುಂದೆ ಇಳಿತ ಬಲು ಬೇಗ. ಹಾಗಾದರೆ ಕೊಳ್ಳುವಾಗಲೇ ಆ ಕೊನೆಯ ದಿನದ ಶಕ್ತಿಯನ್ನು ಲೆಕ್ಕಕ್ಕೆ ಹಿಡಿಯಬೇಕು. ಹೊಸ ಬ್ಯಾಟರಿಯ ಮೊದಲ ದಿನದ ಲೆಕ್ಕ ಹಿಡಿದರೆ ಎರಡನೇ ವರ್ಷದಿಂದಲೇ ಕೊರತೆ ಶುರುವಾಗುತ್ತದೆ. 90ರಲ್ಲಿ 80 ಪಾಲು ಎಂದರೆ 72 ಎಎಚ್.

ಐದು: ಚಳಿ ಮತ್ತು ಸೆಕೆ

ಲ್ಯಾಕ್ಟೋಮೀಟರನ್ನು 27 ಡಿಗ್ರಿಗೆ ಹೊಂದಿಸಿರುತ್ತಾರೆ, ಹಾಲು ಅದಕ್ಕಿಂತ ತಣ್ಣಗಿದ್ದರೆ ಅಥವಾ ಬಿಸಿಯಿದ್ದರೆ ತಿದ್ದುಪಡಿ ಮಾಡಬೇಕು ಎಂಬುದು ಪರೀಕ್ಷಕರಿಗೆ ಗೊತ್ತಿರುವ ಮಾತು. ನಮ್ಮ ದೇಶದ ಬ್ಯಾಟರಿಗಳ ಶಕ್ತಿಯನ್ನೂ ಅದೇ 27 ಡಿಗ್ರಿಗೆ ಬರೆಯುತ್ತಾರೆ. ಧನುರ್ಮಾಸದ ಬೆಳಗಿನ ಶೇಖರಣೆಯಲ್ಲಿ ಬ್ಯಾಟರಿ 15 ಡಿಗ್ರಿಗೆ ಇಳಿದಿದ್ದರೆ ಅದು ಕೊಡುವುದು 5ರಿಂದ 10 ಪಾಲು ಕಡಿಮೆ. ಹೆಚ್ಚಿನದನ್ನೇ ಹಿಡಿಯೋಣ. 72ರಲ್ಲಿ 90 ಪಾಲು ಎಂದರೆ 65 ಎಎಚ್.

ಬೇಸಿಗೆಯಲ್ಲಿ ಬ್ಯಾಟರಿ ತುಸು ಹೆಚ್ಚೇ ಕೊಡುತ್ತದೆ. ಆ ಹೆಚ್ಚಳವನ್ನು ಲೆಕ್ಕಕ್ಕೆ ಸೇರಿಸಬೇಡಿ. ಸೆಕೆಯ ಬೆಲೆಯನ್ನು ಬ್ಯಾಟರಿ ತನ್ನ ಆಯಸ್ಸಿನಿಂದ ತೆರುತ್ತದೆ. ಬ್ಯಾಟರಿಯ ಸುತ್ತಿನ ಬಿಸಿ ಸದಾ 8ರಿಂದ 10 ಡಿಗ್ರಿ ಹೆಚ್ಚಿದ್ದರೆ ಅದರ ಬಾಳಿಕೆ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಚಳಿ ಕಸಿದುಕೊಂಡದ್ದು ಬಿಸಿಲು ಬಂದಾಗ ಹಿಂದಿರುಗುತ್ತದೆ, ಸೆಕೆ ಕಸಿದುಕೊಂಡದ್ದು ಹಿಂದಿರುಗುವುದಿಲ್ಲ. ತಗಡಿನ ಮಾಡಿನ ಕೆಳಗೆ, ಪಶ್ಚಿಮದ ಬಿಸಿಲು ಬೀಳುವ ಗೋಡೆಗೆ ಒತ್ತಿ, ಬಲ್ಕ್ ಕೂಲರಿನ ಬಿಸಿಗಾಳಿ ಬೀಸುವ ಕಡೆ ಬ್ಯಾಟರಿ ಇಟ್ಟಿದ್ದರೆ ಇಂದೇ ಜಾಗ ಬದಲಿಸಿ. ನೆರಳಿರಲಿ, ಗಾಳಿಯಾಡಲಿ, ಕಪಾಟಿನೊಳಗೆ ಮುಚ್ಚಿಡುವುದು ಬೇಡ. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಬೆಂಕಿ ಹತ್ತುವ ಅನಿಲ ಹೊರಡುತ್ತದೆ.

ಒಟ್ಟು ಬಂದದ್ದೆಷ್ಟು?

65 ಎಎಚ್ ಅನ್ನು 20 ಆಂಪಿಯರಿನಿಂದ ಭಾಗಿಸಿದರೆ ಮೂರೂಕಾಲು ಗಂಟೆ. ಅಂಗಡಿಯ ಲೆಕ್ಕದ ಒಂಬತ್ತೂವರೆ ಗಂಟೆ ಸೋರಿ ಸೋರಿ ಇಷ್ಟಾಯಿತು. ಆದರೆ ಈ ಮೂರೂಕಾಲು ಗಂಟೆ ನಂಬಬಹುದಾದ ಮಾತು. ಬ್ಯಾಟರಿ ಬದಲಿಸುವ ಹಿಂದಿನ ದಿನ, ಚಳಿಗಾಲದ ಬೆಳಗ್ಗೆಯೂ ಅದು ಸಿಗುತ್ತದೆ.

ಅದೇ ಲೋಡಿಗೆ ಫ್ಯಾನೊಂದನ್ನು ಸೇರಿಸಿ ನೋಡಿ. 260 ವ್ಯಾಟ್ ಎಂದರೆ ಬ್ಯಾಟರಿಯಿಂದ 27 ಆಂಪಿಯರ್. ಎಳೆತ ಜೋರಾದ್ದರಿಂದ ಎರಡನೇ ಸೋರಿಕೆಯೂ ಹೆಚ್ಚುತ್ತದೆ, 75 ಪಾಲಿನ ಬದಲು 68 ಪಾಲು ಸಿಗುತ್ತದೆ. ಕೊನೆಗೆ ಉಳಿಯುವುದು 59 ಎಎಚ್, ಅಂದರೆ ಎರಡೂಕಾಲು ಗಂಟೆಗೂ ತುಸು ಕಡಿಮೆ. ಒಂದು ಫ್ಯಾನಿನ ಬೆಲೆ ಒಂದು ಗಂಟೆ.

ಈಗ ನಿಮಗೆ ಬೇಕಾದ್ದು ಎಷ್ಟು ಹೊತ್ತು ಎಂದು ನೋಡಿ. ಶೇಖರಣೆ ಎರಡು ಗಂಟೆ, ಲೆಕ್ಕ ಮುಗಿಸಿ ಗಾಡಿ ಕಳಿಸಲು ಅರ್ಧ ಗಂಟೆ ಎಂದಾದರೆ ಎರಡೂವರೆ ಗಂಟೆ ಸಾಕು. ಹಾಗಿದ್ದರೆ 150ರ ಒಂದು ಬ್ಯಾಟರಿ ಫ್ಯಾನಿಲ್ಲದೆ ಸಾಕಾಗುತ್ತದೆ, ಫ್ಯಾನಿದ್ದರೆ ಸಾಲದು. ಬೆಳಗ್ಗೆ ಹೋದ ಕರೆಂಟು ಸಂಜೆಯವರೆಗೂ ಬಾರದ ಊರಾದರೆ ಎರಡು ಸರದಿಗೆ, ಅಂದರೆ 5 ಗಂಟೆಗೆ ಲೆಕ್ಕ ಹಾಕಬೇಕು. ಅದಕ್ಕೆ ಎರಡು ಬ್ಯಾಟರಿ ಬೇಕು. ಎರಡನ್ನೂ ಒಟ್ಟಿಗೆ ಕೊಳ್ಳಿ. ಹಳೆಯದರ ಜೊತೆ ಹೊಸದನ್ನು ಜೋಡಿಸಿದರೆ ಹಳೆಯದು ಹೊಸದನ್ನೂ ತನ್ನ ದಾರಿಗೆ ಎಳೆಯುತ್ತದೆ.

ಖಾಲಿಯಾದದ್ದು ತುಂಬುವ ಲೆಕ್ಕವೂ ಇದೆ. ಎರಡೂವರೆ ಗಂಟೆಯಲ್ಲಿ 50 ಎಎಚ್ ಹೋದರೆ ಅದನ್ನು ತುಂಬಲು ಸುಮಾರು 60 ಎಎಚ್ ಬೇಕು. 12 ಆಂಪಿಯರಿನ ಚಾರ್ಜರ್ ಎಂದರೆ 5 ಗಂಟೆ ಆಯಿತು. ಕೊನೆಯ ಭಾಗ ನಿಧಾನವಾಗಿ ತುಂಬುವುದರಿಂದ 7–8 ಗಂಟೆ ಎಂದೇ ತಿಳಿಯಿರಿ. ಅಷ್ಟು ಹೊತ್ತು ಕರೆಂಟು ಸಿಗದಿದ್ದರೆ ಮರುದಿನದ ಲೆಕ್ಕ ಅರ್ಧ ತುಂಬಿದ ಕ್ಯಾನಿನಿಂದ ಶುರುವಾಗುತ್ತದೆ.

ಆ ಸಂಜೆ ಆದದ್ದೇನು?

ಈಗ ನನ್ನ ತಪ್ಪಿನ ವಿಷಯ. ಕಾಲುಬಾಯಿ ಜ್ವರದ ಲಸಿಕೆಯನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಲಸಿಕಾ ಕಾರ್ಯಕ್ರಮದ ದಿನಗಳಲ್ಲಿ ಸಂಘದ ಕಚೇರಿಯ ಫ್ರಿಜ್ಜಿನಲ್ಲಿ ಲಸಿಕೆ ಇರಿಸಿ, ಕರೆಂಟು ಹೋದರೂ ಕೆಡದಿರಲಿ ಎಂದು ಫ್ರಿಜ್ಜನ್ನು ಇನ್ವರ್ಟರ್ ಲೈನಿಗೆ ಹಾಕಿ ಎಂದು ಕಾರ್ಯದರ್ಶಿಗಳಿಗೆ ಹೇಳಿದ್ದವನು ನಾನೇ.

ಫ್ರಿಜ್ಜು ಓಡುವಾಗ 120 ವ್ಯಾಟ್. ಆವತ್ತು ಫ್ಯಾನೂ ತಿರುಗುತ್ತಿತ್ತು. ಒಟ್ಟು 380 ವ್ಯಾಟ್, ಬ್ಯಾಟರಿಯಿಂದ 40 ಆಂಪಿಯರ್. ಆ ವೇಗದಲ್ಲಿ ಹೊಸ ಬ್ಯಾಟರಿಯೇ ಕೊಡುವುದು ಸುಮಾರು 90 ಎಎಚ್. ಅದಕ್ಕೆ ಆಗಲೇ ಐದು ವರ್ಷ ತುಂಬಿತ್ತು, ಶಕ್ತಿ ಹೊಸದರ 40 ಪಾಲಿಗೆ ಇಳಿದಿತ್ತು ಎಂದು ಆಮೇಲೆ ಪರೀಕ್ಷಿಸಿದಾಗ ತಿಳಿಯಿತು. ಉಳಿದದ್ದು 36 ಎಎಚ್. 40ರಿಂದ ಭಾಗಿಸಿದರೆ 54 ನಿಮಿಷ. ಮಧ್ಯಾಹ್ನವೂ ಒಂದು ಗಂಟೆ ಕರೆಂಟು ಹೋಗಿದ್ದರಿಂದ ಬ್ಯಾಟರಿ ಪೂರ್ತಿ ತುಂಬಿರಲಿಲ್ಲ. ಜೊತೆಗೆ ಫ್ರಿಜ್ಜಿನ ಕಂಪ್ರೆಸರ್ ಪ್ರತಿ ಸಲ ಶುರುವಾಗುವಾಗ ಕ್ಷಣಕಾಲ ಹಲವು ಪಟ್ಟು ಕರೆಂಟು ಎಳೆಯುತ್ತದೆ. ಆ ಎಳೆತಕ್ಕೆ ಹಳೆಯ ಬ್ಯಾಟರಿಯ ವೋಲ್ಟೇಜ್ ಕುಸಿದು, ಒಳಗೆ ಇನ್ನೂ ತುಸು ಉಳಿದಿದ್ದರೂ ಇನ್ವರ್ಟರ್ ಕಡಿದುಬಿಡುತ್ತದೆ. 40 ನಿಮಿಷದ ಗುಟ್ಟು ಇಷ್ಟೇ.

ಲಸಿಕೆಗೆ ಇನ್ವರ್ಟರ್ ಬೇಕಿರಲಿಲ್ಲ. ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಐಸ್ ಪ್ಯಾಕ್ ತುಂಬಿಟ್ಟು, ಕರೆಂಟು ಹೋದಾಗ ಬಾಗಿಲು ತೆರೆಯದಿದ್ದರೆ ಕೆಲವು ಗಂಟೆ ತಂಪು ಉಳಿಯುತ್ತದೆ. ಒಳಗಿಟ್ಟ ಥರ್ಮಾಮೀಟರ್ 8ರ ಹತ್ತಿರ ಬಂದರೆ ಲಸಿಕೆಯನ್ನು ಐಸ್ ಪ್ಯಾಕ್ ಇರುವ ಲಸಿಕಾ ಪೆಟ್ಟಿಗೆಗೆ ಸಾಗಿಸಬೇಕು. ಪ್ಯಾಕಿನ ಮೇಲೆ ನೀರೊಡೆಯುವವರೆಗೆ ಹೊರಗಿಟ್ಟು ಆಮೇಲೆ ಬಳಸಿ, ಏಕೆಂದರೆ ಈ ಲಸಿಕೆ ಹೆಪ್ಪುಗಟ್ಟಿದರೂ ಕೆಡುತ್ತದೆ. ಈಗ ನಾನು ಮಾಡುತ್ತಿರುವುದು ಹೀಗೆಯೇ.

ಬ್ಯಾಟರಿಯ ಲ್ಯಾಕ್ಟೋಮೀಟರ್

ನೀರು ಹಾಕುವ ಬ್ಯಾಟರಿಯ ಒಳಗನ್ನು ತಿಳಿಯಲು ಹೈಡ್ರೋಮೀಟರ್ ಎಂಬ ಗಾಜಿನ ಸಾಧನವಿದೆ. ಇದು ಲ್ಯಾಕ್ಟೋಮೀಟರಿನ ಅಣ್ಣನೇ ಸರಿ. ಹಾಲಿನಲ್ಲಿ 28 ಎಂದು ಓದಿದರೆ ಸಾಂದ್ರತೆ 1.028 ಎಂದಲ್ಲವೇ? ಪೂರ್ತಿ ಚಾರ್ಜ್ ಆದ ಟ್ಯೂಬುಲರ್ ಬ್ಯಾಟರಿಯ ಆಸಿಡ್ 27 ಡಿಗ್ರಿಯಲ್ಲಿ 1.240ರ ಆಸುಪಾಸಿನಲ್ಲಿರುತ್ತದೆ. ನಿಖರ ಅಂಕಿ ಬ್ಯಾಟರಿಯ ಕೈಪಿಡಿಯಲ್ಲಿರುತ್ತದೆ. ಪೂರ್ತಿ ಚಾರ್ಜ್ ಆಗಿ ಕೆಲವು ಗಂಟೆ ಬಿಟ್ಟ ಮೇಲೆ ಆರೂ ಸೆಲ್ಲುಗಳನ್ನು ಅಳೆಯಿರಿ. ಡಿಸ್ಟಿಲ್ಡ್ ವಾಟರ್ ಹಾಕಿದ ಕೂಡಲೇ ಅಳೆದರೆ ಮೇಲೆ ನಿಂತ ನೀರನ್ನು ಅಳೆದಂತಾಗುತ್ತದೆ. ಆ ಸಂಘದ ಬ್ಯಾಟರಿಯ ಐದು ಸೆಲ್ಲುಗಳು 1.180ರ ಹತ್ತಿರ, ಒಂದು ಸೆಲ್ 1.120 ತೋರಿಸಿತು. ಒಂದು ಸೆಲ್ ಮಿಕ್ಕವುಗಳಿಗಿಂತ 0.030ಕ್ಕಿಂತ ಹೆಚ್ಚು ಕೆಳಗಿದ್ದರೆ ಅದು ರೋಗದ ಗುರುತು. ಕೈ ರಕ್ಷಣೆಗೆ ರಬ್ಬರ್ ಗ್ಲೌಸು, ಕಣ್ಣಿಗೆ ಕನ್ನಡಕ ಇರಲಿ, ಅದು ಆಸಿಡ್.

ಹೈಡ್ರೋಮೀಟರ್ ರೋಗ ತೋರಿಸುತ್ತದೆ, ಶಕ್ತಿ ಎಷ್ಟಿದೆ ಎಂದು ಹೇಳುವುದಿಲ್ಲ. ಅದಕ್ಕೆ ಕರೆದೇ ನೋಡಬೇಕು. ಪೂರ್ತಿ ಚಾರ್ಜ್ ಆದ ಬ್ಯಾಟರಿಯ ಮೇಲೆ ಶೇಖರಣೆಯಿಲ್ಲದ ಹೊತ್ತಿನಲ್ಲಿ ಹಳೆಯ 100 ವ್ಯಾಟಿನ ಎರಡು ಬಲ್ಬುಗಳನ್ನು ಮಾತ್ರ ಹಚ್ಚಿ, ಮೇನ್ಸ್ ತೆಗೆದು, ಇನ್ವರ್ಟರ್ ಕಡಿಯುವವರೆಗಿನ ಹೊತ್ತನ್ನು ಬರೆದಿಡಿ. 150ರ ಹೊಸ ಬ್ಯಾಟರಿ 5 ಗಂಟೆಯ ಆಸುಪಾಸು ಉರಿಸುತ್ತದೆ. ಆ ಸಂಘದ್ದು 2 ಗಂಟೆಗೆ ಕಡಿಯಿತು. ಹೊಸದು ತಂದ ವಾರವೇ ಒಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆ ಹೀಗೆ ಮಾಡಿದರೆ ಸಾಕು. ಮೊದಲ ಸಲದ 5 ಗಂಟೆ 4 ಗಂಟೆಗೆ ಇಳಿದ ದಿನ ಆಡಳಿತ ಮಂಡಳಿಯ ಮುಂದಿನ ಸಭೆಗೆ ಹೊಸ ಬ್ಯಾಟರಿಯ ವಿಷಯ ಇಡಿ. ಪರೀಕ್ಷೆ ಮುಗಿದ ಕೂಡಲೇ ಚಾರ್ಜಿಗೆ ಹಾಕಲು ಮರೆಯಬೇಡಿ. ಅದೇ ಸಂಜೆಗೆ ಬ್ಯಾಟರಿ ಬೇಕಾಗುವ ದಿನ ಈ ಪರೀಕ್ಷೆ ಬೇಡವೇ ಬೇಡ.

ಆ ಸಂಘದವರು ಹೊಸ ಬ್ಯಾಟರಿ ತಂದರು, ಫ್ಯಾನನ್ನೂ ಫ್ರಿಜ್ಜನ್ನೂ ಇನ್ವರ್ಟರ್ ಲೈನಿನಿಂದ ಬಿಡಿಸಿದರು. ಬ್ಯಾಟರಿಯ ಮೇಲೆ ಕೊಂಡ ತಾರೀಖು, ಮೊದಲ ಪರೀಕ್ಷೆಯ ಹೊತ್ತು ಬಣ್ಣದಲ್ಲಿ ಬರೆಸಿದ್ದಾರೆ. ಈ ಮಳೆಗಾಲದಲ್ಲಿ ಒಂದು ಸಂಜೆ ಕಂಬ ಬಿದ್ದು ಶೇಖರಣೆಯ ಶುರುವಿನಿಂದ ಕೊನೆಯವರೆಗೂ ಕರೆಂಟು ಇರಲಿಲ್ಲ. ಕೊನೆಯ ಸದಸ್ಯರ ಚೀಟಿಯೂ ಮುದ್ರಣವಾಗಿಯೇ ಹೊರಬಂತು. ಆ ಹೆಣ್ಣುಮಗಳ ಚೀಟಿಯಲ್ಲಿ ಆವತ್ತು ಅವರ ಹಸುವಿನ ಆವತ್ತಿನ ಫ್ಯಾಟೇ ಇತ್ತು.